ಅನುಕಲನವೇಕೆ ಅವಕಲನಕ್ಕಿಂತ ಕಷ್ಟ? ತಮ್ಮನ ಪ್ರಶ್ನೆಗಳು, ಅಕ್ಕನ ಉತ್ತರಗಳು

ನನ್ನ ತಮ್ಮ ಗದಗಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ನಾನು ಧಾರವಾಡದಲ್ಲಿ ಗಣಿತ ಪಾಠ ಮಾಡುತ್ತೇನೆ. ಅವಕಲನದ ಅಧ್ಯಾಯವನ್ನು ನೀರು ಕುಡಿದಷ್ಟು ಸಲೀಸಾಗಿ ಮುಗಿಸಿದ ಹುಡುಗ, ಅನುಕಲನಕ್ಕೆ ಬಂದ ಕೂಡಲೇ ದಿನಕ್ಕೊಂದು ತಕರಾರು ಹಿಡಿದು ಫೋನ್ ಮಾಡತೊಡಗಿದ. ನನ್ನ ವಿದ್ಯಾರ್ಥಿಗಳೂ ಪ್ರತಿವರ್ಷ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಹಾಗಾಗಿ ನಮ್ಮಿಬ್ಬರ ಮಾತನ್ನೇ ಒಂದು ಕಡೆ ಬರೆದಿಟ್ಟಿದ್ದೇನೆ. ಎಲ್ಲ ಪ್ರಶ್ನೆಗಳಿಗೂ ಒಂದೇ ಅಳತೆಯ ಉತ್ತರವಿಲ್ಲ. ಮೂರನೆಯದು ಮತ್ತು ಆರನೆಯದಕ್ಕೆ ಪೆನ್ನು ಹಿಡಿದು ಕೂರಬೇಕು.

1. ಅನುಕಲನ ನಿಜವಾಗಿಯೂ ಕಷ್ಟವೋ, ನನಗೆ ಮಾತ್ರ ಹಾಗೆ ಅನಿಸುತ್ತದೆಯೋ?

ಅಕ್ಕ: ನಿಜವಾಗಿಯೂ ಕಷ್ಟ. ಅವಕಲನ ಮತ್ತು ಅನುಕಲನ ಎರಡಕ್ಕೂ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ ಕೂಡ ಇಲ್ಲಿ ಮುಗ್ಗರಿಸಿದ್ದಾನೆ. ಛೇದದಲ್ಲಿ x⁴ + a⁴ ಇರುವ ಭಿನ್ನರಾಶಿಯನ್ನು ಲಾಗರಿದಮ್ ಮತ್ತು ವಿಲೋಮ ತ್ರಿಕೋನಮಿತಿ ಫಂಕ್ಷನ್‌ಗಳನ್ನು ಬಳಸಿ ಅನುಕಲಿಸಲು ಬರುವುದಿಲ್ಲ ಎಂದು ಅವನು 1702ರಲ್ಲಿ ಭಾವಿಸಿದ್ದ. ಆ ಛೇದವನ್ನು ವಾಸ್ತವ ಸಂಖ್ಯೆಗಳ ಎರಡು ವರ್ಗೋಕ್ತಿಗಳಾಗಿ ಒಡೆಯಲು ಆಗದು ಎಂಬುದು ಅವನ ಎಣಿಕೆಯಾಗಿತ್ತು.

ತಮ್ಮ: ಒಡೆಯಬಹುದೇ?

ಅಕ್ಕ: a = 1 ಇಟ್ಟು ನೋಡು. x⁴ + 1 ಎಂದರೆ (x² + √2·x + 1)(x² − √2·x + 1). ಗುಣಿಸಿದರೆ ನಡುವಿನ ಪದಗಳೆಲ್ಲ ಹೊಡೆದುಹೋಗುತ್ತವೆ. ಲೈಬ್ನಿಟ್ಸ್‌ಗೆ ಅನುಕಲನದ ಅರ್ಥ ಗೊತ್ತಿರಲಿಲ್ಲವೆಂದಲ್ಲ, ದಾರಿಯಲ್ಲಿ ಬೀಜಗಣಿತ ಅಡ್ಡ ನಿಂತಿತು. 1/(x⁴ + 1) ಎಂಬುದನ್ನೇ ಅವಕಲಿಸು ಎಂದರೆ ನೀನು ಎರಡು ಸಾಲಿನಲ್ಲಿ ಮುಗಿಸುತ್ತೀಯ, ಛೇದವನ್ನು ಒಡೆಯುವ ಮಾತೇ ಬರುವುದಿಲ್ಲ.

2. ಅವಕಲನದಲ್ಲಿ ಇರುವ ಯಾವ ಅನುಕೂಲ ಅನುಕಲನದಲ್ಲಿ ಇಲ್ಲ?

ತಮ್ಮ: ಎರಡೂ ಒಂದೇ ರಸ್ತೆಯ ಎರಡು ದಿಕ್ಕು ಎಂದು ಪುಸ್ತಕದಲ್ಲಿದೆ. ಹೋಗುವಾಗ ಸುಲಭ, ಬರುವಾಗ ಕಷ್ಟ ಏಕೆ?

ಅಕ್ಕ: x²·sin 3x ಅನ್ನು ಅವಕಲಿಸುವಾಗ ಏನು ಮಾಡುತ್ತೀಯ, ಹೇಳು.

ತಮ್ಮ: ಹೊರಗೆ ಗುಣಾಕಾರ ಇದೆ, ಹಾಗಾಗಿ ಗುಣಲಬ್ಧ ನಿಯಮ. ಒಳಗೆ x² ಒಂದು, sin 3x ಒಂದು. sin 3x ಒಳಗೆ ಇನ್ನೊಂದು ಫಂಕ್ಷನ್ ಇರುವುದರಿಂದ ಸರಪಣಿ ನಿಯಮ. ಉತ್ತರ 2x·sin 3x + 3x²·cos 3x.

ಅಕ್ಕ: ನೀನು ಎಲ್ಲಿಯೂ ಊಹೆ ಮಾಡಲಿಲ್ಲ. ಹೊರಗಿನ ಕ್ರಿಯೆ ಸಂಕಲನವೋ, ಗುಣಾಕಾರವೋ, ಭಾಗಾಕಾರವೋ, ಒಂದರೊಳಗೊಂದು ಕೂರಿಸಿದ್ದೋ ಎಂದು ನೋಡಿದೆ. ಪ್ರತಿಯೊಂದಕ್ಕೂ ಒಂದು ನಿಯಮ ಸಿದ್ಧವಿತ್ತು. ಆ ನಿಯಮ ಇಡೀ ಲೆಕ್ಕವನ್ನು ಅದಕ್ಕಿಂತ ಚಿಕ್ಕ ತುಂಡುಗಳಿಗೆ ಇಳಿಸಿತು. ತುಂಡುಗಳು ಚಿಕ್ಕದಾಗುತ್ತ ಹೋಗಿ ಕೊನೆಗೆ x, sin x, eˣ, log x ಮಟ್ಟಕ್ಕೆ ಬರುತ್ತವೆ, ಅವುಗಳ ಉತ್ತರ ನಿನಗೆ ಬಾಯಿಪಾಠ. ಲೆಕ್ಕ ಒಂದು ಪುಟ ಉದ್ದವಿದ್ದರೂ ಅದು ಮುಗಿಯುವುದು ಖಚಿತ. ತಪ್ಪಾದರೆ ಕೈತಪ್ಪು ಅಷ್ಟೇ.

ಅನುಕಲನದಲ್ಲಿ ಸಂಕಲನಕ್ಕೆ ಮತ್ತು ಸ್ಥಿರಾಂಕದ ಗುಣಾಕಾರಕ್ಕೆ ಮಾತ್ರ ಇಂಥ ಖಚಿತ ನಿಯಮವಿದೆ. ಎರಡು ಫಂಕ್ಷನ್‌ಗಳ ಗುಣಲಬ್ಧಕ್ಕೆ ಇಲ್ಲ, ಭಾಗಲಬ್ಧಕ್ಕೆ ಇಲ್ಲ, ಒಂದರೊಳಗೊಂದು ಕೂತದ್ದಕ್ಕೂ ಇಲ್ಲ. f ಮತ್ತು g ಎರಡರ ಅನುಕಲನವೂ ಗೊತ್ತಿದೆ ಎಂದುಕೋ. ಅಷ್ಟರಿಂದಲೇ f·g ಯ ಅನುಕಲನವನ್ನು ಬರೆಯುವ ಸೂತ್ರ ಯಾವ ಪುಸ್ತಕದಲ್ಲೂ ಸಿಗದು.

3. ಗುಣಲಬ್ಧಕ್ಕೆ ನಿಯಮ ಏಕಿಲ್ಲ? ಅವಕಲನದ ನಿಯಮವನ್ನೇ ತಿರುಗಿಸಿ ಓದಬಾರದೇ?

ಅಕ್ಕ: ಓದೋಣ. ಗುಣಲಬ್ಧ ನಿಯಮ ಏನು ಹೇಳುತ್ತದೆ? u·v ಅನ್ನು ಅವಕಲಿಸಿದರೆ u′v + uv′. ಒಂದು ಗುಣಲಬ್ಧ ಒಳಗೆ ಹೋದರೆ ಎರಡು ಗುಣಲಬ್ಧಗಳ ಮೊತ್ತ ಹೊರಗೆ ಬರುತ್ತದೆ. ತಿರುಗಿಸಿ ಓದಬೇಕಾದರೆ ಆ ಎರಡೂ ನಿನ್ನ ಮುಂದೆ ಜೋಡಿಯಾಗಿಯೇ ಇರಬೇಕು. ಪರೀಕ್ಷೆಯಲ್ಲಿ ಕೊಡುವುದು ಒಂದನ್ನು ಮಾತ್ರ.

ತಮ್ಮ: ∫ x·eˣ dx ಹಾಗೆಯೇ ಇದೆ. ಒಂದೇ ಪದ.

ಅಕ್ಕ: ಅದನ್ನೇ ತೆಗೆದುಕೋ. ಭಾಗಶಃ ಅನುಕಲನದ ಸೂತ್ರವನ್ನು ಸ್ವಲ್ಪ ಹೊತ್ತು ಮರೆತುಬಿಡು. ಏನನ್ನು ಅವಕಲಿಸಿದರೆ x·eˣ ಬಂದೀತು?

ತಮ್ಮ: eˣ ಹಾಗೆಯೇ ಉಳಿಯುತ್ತದೆ. x·eˣ ಅನ್ನೇ ಅವಕಲಿಸಿ ನೋಡಲೇ? x·eˣ + eˣ ಬಂತು. ಒಂದು eˣ ಹೆಚ್ಚಾಯಿತು.

ಅಕ್ಕ: ಹೆಚ್ಚಾದದ್ದನ್ನು ತೆಗೆ. ಯಾವುದನ್ನು ಅವಕಲಿಸಿದರೆ eˣ ಬರುತ್ತದೋ ಅದನ್ನು ಮೊದಲೇ ಕಳೆದಿಟ್ಟರಾಯಿತು.

ತಮ್ಮ: eˣ ಕಳೆಯಬೇಕು. x·eˣ − eˣ. ಅವಕಲಿಸಿದರೆ x·eˣ + eˣ − eˣ, ಅಂದರೆ x·eˣ. ಸರಿ ಬಂತು!

ಅಕ್ಕ: ಭಾಗಶಃ ಅನುಕಲನ ಎಂದರೆ ಇಷ್ಟೇ. ಮೊದಲು ಒಂದು ಊಹೆ, ಅದರ ಅವಕಲನ, ಹೆಚ್ಚಾಗಿ ಬಂದ ಪದದ ಸಾಲ ತೀರಿಸುವುದು. ಸೂತ್ರ ಆ ಲೆಕ್ಕವನ್ನು ನೇರ್ಪಡಿಸಿ ಬರೆದಿದೆ. ಈಗ ನೀನು ಅವಕಲಿಸಿದಾಗ ಆದದ್ದನ್ನು ಇನ್ನೊಮ್ಮೆ ನೋಡು. ನಡುವೆ +eˣ ಮತ್ತು −eˣ ಬಂದು ಒಂದನ್ನೊಂದು ಹೊಡೆದುಹಾಕಿದವು. ಕೊನೆಯ ಉತ್ತರದಲ್ಲಿ ಅವುಗಳ ಗುರುತೂ ಇಲ್ಲ. ಅಂಗಡಿಯ ಉದ್ರಿ ಪುಸ್ತಕದಲ್ಲಿ ಕೊಟ್ಟದ್ದು, ತೀರಿಸಿದ್ದು ಎಲ್ಲವನ್ನೂ ಅಳಿಸಿ ಉಳಿದ ಬಾಕಿಯೊಂದನ್ನೇ ಬರೆದಿಟ್ಟರೆ ನಡುವಿನ ವ್ಯವಹಾರ ಹೇಗಿತ್ತೆಂದು ಹೇಳಲು ಬಾರದು. ಅನುಕಲನದಲ್ಲಿ ನಿನಗೆ ಸಿಗುವುದು ಆ ಬಾಕಿ ಮಾತ್ರ. ಹೊಡೆದುಹೋದ ಪದಗಳು ಯಾವುವು ಎಂದು ನೀನೇ ಹುಡುಕಬೇಕು.

ತಮ್ಮ: ಹಾಗಾದರೆ ಸಾಲ ತೀರಿಸುತ್ತ ಹೋದರೆ ಎಲ್ಲ ಲೆಕ್ಕವೂ ಬಿಡಿಸಬಹುದಲ್ಲ?

ಅಕ್ಕ: ಸಾಲ ಪ್ರತಿ ಸಲ ಚಿಕ್ಕದಾಗುತ್ತಿದ್ದರೆ ಬಿಡಿಸಬಹುದು. x·eˣ ನಲ್ಲಿ x ಇದ್ದದ್ದು 1 ಆಯಿತು, ಬೇಗ ತೀರಿತು. x³·eˣ ಇದ್ದರೆ ಮೂರು ಸುತ್ತು. ಆದರೆ eˣ/x ತೆಗೆದುಕೊಂಡು ನೋಡು. ಊಹೆಯಾಗಿ eˣ/x ಅನ್ನೇ ಇಟ್ಟು ಅವಕಲಿಸಿದರೆ eˣ/x − eˣ/x². ಈಗ eˣ/x² ನ ಸಾಲ ಬಂತು. ಅದನ್ನು ತೀರಿಸಲು ಹೊರಟರೆ 2eˣ/x³, ಆಮೇಲೆ 6eˣ/x⁴. ಪ್ರತಿ ಸುತ್ತಿಗೂ ಛೇದದ ಘಾತ ಏರುತ್ತದೆ, ಮೇಲಿನ ಸಂಖ್ಯೆಯೂ ಏರುತ್ತದೆ. ಒಂದೆರಡು ಸುತ್ತಿನಲ್ಲಿ ಉಳಿದದ್ದು ಮೊದಲಿಗಿಂತ ಜಟಿಲವಾದರೆ ಆ ದಾರಿಯನ್ನು ಬಿಡಬೇಕು ಎಂಬುದಕ್ಕೆ ಅದೇ ಗುರುತು. ಇಲ್ಲಿ ನಿನ್ನ ಊಹೆಯ ತಪ್ಪೇನೂ ಇಲ್ಲ. eˣ/x ಗೆ ನಮಗೆ ಗೊತ್ತಿರುವ ಫಂಕ್ಷನ್‌ಗಳಲ್ಲಿ ಉತ್ತರವೇ ಇಲ್ಲ.

4. ಪ್ರಶ್ನೆಯಲ್ಲಿ ಒಂದು ಅಕ್ಷರ ಬದಲಾದರೆ ವಿಧಾನವೇ ಬದಲಾಗುವುದೇಕೆ?

ಅಕ್ಕ: ಈ ಮೂರನ್ನು ಅಕ್ಕಪಕ್ಕ ಬರೆದುಕೋ.

∫ x/(x² + 1) dx = ½·log(x² + 1) + C
∫ 1/(x² + 1) dx = tan⁻¹x + C
∫ x²/(x² + 1) dx = x − tan⁻¹x + C

ಛೇದ ಒಂದೇ. ಅಂಶದಲ್ಲಿ x, 1, x². ಮೊದಲನೆಯದರಲ್ಲಿ ಛೇದದ ಅವಕಲನ 2x, ಅದರ ಅರ್ಧ ಮೇಲೆ ಕೂತಿದೆ. ಹಾಗಾಗಿ t = x² + 1 ಎಂದು ಆದೇಶಿಸಿದರೆ ಲಾಗರಿದಮ್. ಎರಡನೆಯದರಲ್ಲಿ ಆ x ಇಲ್ಲ, ಹಾಗಾಗಿ ಆ ಬಾಗಿಲು ಮುಚ್ಚಿದೆ. ಮೂರನೆಯದರಲ್ಲಿ ಮೊದಲು ಭಾಗಾಕಾರ ಮಾಡಿ 1 − 1/(x² + 1) ಎಂದು ಬರೆಯಬೇಕು.

ತಮ್ಮ: ಈ ಮೂರನ್ನೂ ಅವಕಲಿಸಿದ್ದರೆ ಒಂದೇ ಭಾಗಲಬ್ಧ ನಿಯಮ ಸಾಕಾಗುತ್ತಿತ್ತು.

ಅಕ್ಕ: ಹೌದು. ಅವಕಲನಕ್ಕೆ ಉಕ್ತಿಯ ಹೊರ ಆಕಾರ ಸಾಕು. ಅನುಕಲನಕ್ಕೆ ಒಂದು ಭಾಗ ಇನ್ನೊಂದು ಭಾಗದ ಅವಕಲನವೇ ಎಂಬ ಒಳಸಂಬಂಧ ಬೇಕು. ಆ ಸಂಬಂಧ ಇದ್ದರೂ ಕಣ್ಣಿಗೆ ಕಾಣುವಂತೆ ಬರೆದಿರುವುದಿಲ್ಲ.

5. ಒಳಗಿನ ಫಂಕ್ಷನ್‌ನ ಅವಕಲನದಿಂದ ಭಾಗಿಸಿದರೆ ಸಾಲದೇ?

ತಮ್ಮ: ∫ e^(3x) dx = e^(3x)/3. ಅದೇ ರೀತಿ ∫ e^(x²) dx = e^(x²)/(2x) ಎಂದು ಬರೆದೆ. ಸೊನ್ನೆ ಕೊಟ್ಟಿದ್ದಾರೆ.

ಅಕ್ಕ: ಕೊಡಲೇಬೇಕಾದ ಸೊನ್ನೆ. ನಿನ್ನ ಉತ್ತರವನ್ನು ಅವಕಲಿಸಿದ್ದರೆ e^(x²) − e^(x²)/(2x²) ಬರುತ್ತಿತ್ತು. ಆ ಎರಡನೆಯ ಪದ ಎಲ್ಲಿಂದ ಬಂತು? ಛೇದದಲ್ಲಿ ನೀನು ಇಟ್ಟ 2x ಕೂಡ x ಜೊತೆ ಬದಲಾಗುತ್ತದೆ, ಅದಕ್ಕೂ ಅವಕಲನವಿದೆ. 3 ಬದಲಾಗುವುದಿಲ್ಲ, ಹಾಗಾಗಿ ಅಲ್ಲಿ ಭಾಗಿಸಿದ್ದು ಸರಿಹೋಯಿತು. ಒಳಗಿರುವುದು ax + b ರೂಪದಲ್ಲಿದ್ದರೆ ಮಾತ್ರ ಭಾಗಿಸು.

ಅನುಕಲನದಲ್ಲಿ ಒಂದು ದೊಡ್ಡ ಸೌಕರ್ಯವಿದೆ, ಅದನ್ನು ಯಾರೂ ಬಳಸುವುದಿಲ್ಲ. ಉತ್ತರ ಹುಡುಕುವುದು ಎಷ್ಟೇ ಕಷ್ಟವಾದರೂ ಸಿಕ್ಕ ಉತ್ತರ ಸರಿಯೇ ಎಂದು ಪರೀಕ್ಷಿಸುವುದು ಸುಲಭ, ಏಕೆಂದರೆ ಪರೀಕ್ಷಿಸುವುದು ಅವಕಲನದ ಕೆಲಸ.

6. e^(−x²) ಗೆ ಅನುಕಲನ ಇಲ್ಲ ಎಂದು ಖಚಿತವಾಗಿ ಹೇಗೆ ಹೇಳುತ್ತಾರೆ? ಯಾರಿಗೂ ಇನ್ನೂ ಹೊಳೆದಿಲ್ಲದಿರಬಹುದಲ್ಲ?

ಅಕ್ಕ: ಒಳ್ಳೆಯ ತಕರಾರು. ಸಿಕ್ಕಿಲ್ಲ ಎನ್ನುವುದು ಬೇರೆ, ಸಿಗಲಾರದು ಎಂದು ಸಾಧಿಸುವುದು ಬೇರೆ. ಇಲ್ಲಿ ಸಾಧಿಸಿದ್ದಾರೆ. ಫ್ರಾನ್ಸಿನ ಜೋಸೆಫ್ ಲಿಯೊವಿಲ್ 1830ರ ದಶಕದಲ್ಲಿ ಈ ದಿಕ್ಕಿನ ಪ್ರಮೇಯಗಳನ್ನು ಕೊಟ್ಟ. ಮೊದಲು ಒಂದು ಕರಾರು ಮಾಡಿಕೊಳ್ಳೋಣ. ಬಹುಪದೋಕ್ತಿ, ಮೂಲ, ಘಾತೀಯ, ಲಾಗರಿದಮ್, ತ್ರಿಕೋನಮಿತಿ ಮತ್ತು ಅದರ ವಿಲೋಮ, ಇವುಗಳನ್ನು ಕೂಡಿಸಿ, ಗುಣಿಸಿ, ಭಾಗಿಸಿ, ಒಂದರೊಳಗೊಂದು ಇಟ್ಟು ಕಟ್ಟಿದವನ್ನೆಲ್ಲ ಪ್ರಾಥಮಿಕ ಫಂಕ್ಷನ್ ಎನ್ನೋಣ. ಪ್ರಾಥಮಿಕ ಫಂಕ್ಷನ್ನನ್ನು ಅವಕಲಿಸಿದರೆ ಮತ್ತೆ ಪ್ರಾಥಮಿಕ ಫಂಕ್ಷನ್ನೇ ಬರುತ್ತದೆ, ನೀನು ಆ ಬೇಲಿ ದಾಟುವುದೇ ಇಲ್ಲ. ಅನುಕಲಿಸಿದರೆ ಬೇಲಿಯ ಹೊರಗೆ ಬೀಳಬಹುದು.

ತಮ್ಮ: ಪ್ರಮೇಯ ನನಗೆ ಅರ್ಥವಾಗುವಂಥದ್ದೇ?

ಅಕ್ಕ: ಪ್ರಮೇಯದ ಸಾಧನೆ ಈಗ ಬೇಡ, ಬಳಕೆ ಅರ್ಥವಾಗುತ್ತದೆ. f ಮತ್ತು g ಎರಡೂ ಬಹುಪದೋಕ್ತಿಗಳಾಗಿರಲಿ, ಅಥವಾ ಒಂದು ಬಹುಪದೋಕ್ತಿಯನ್ನು ಇನ್ನೊಂದರಿಂದ ಭಾಗಿಸಿದವಾಗಿರಲಿ. g ಬರೀ ಸ್ಥಿರಾಂಕ ಆಗಿರಬಾರದು. ಆಗ f·e^g ನ ಅನುಕಲನ ಪ್ರಾಥಮಿಕವಾಗಿದ್ದರೆ ಅದು R·e^g ಎಂಬ ರೂಪದಲ್ಲೇ ಇರಬೇಕು. R ಕೂಡ ಅಂಥದ್ದೇ ಭಾಗಲಬ್ಧ. ಬೇರೆ ಯಾವ ವೇಷದಲ್ಲೂ ಉತ್ತರ ಬರಲಾರದು. ಲಿಯೊವಿಲ್ ಕೊಟ್ಟ ಬಲ ಇದೇ, ಹುಡುಕಬೇಕಾದ ಜಾಗವನ್ನು ಅಷ್ಟಕ್ಕೆ ಇಳಿಸಿಬಿಟ್ಟ.

ತಮ್ಮ: R·e^g ಅನ್ನು ಅವಕಲಿಸಿದರೆ (R′ + R·g′)·e^g. ಅದು f·e^g ಗೆ ಸಮ ಆಗಬೇಕು. ಅಂದರೆ R′ + R·g′ = f.

ಅಕ್ಕ: ಸರಿ. ನಮ್ಮ ಲೆಕ್ಕದಲ್ಲಿ f = 1, g = −x². ಸಮೀಕರಣ ಬರೆ.

ತಮ್ಮ: R′ − 2x·R = 1.

ಅಕ್ಕ: ಇದನ್ನು ಒಪ್ಪುವ R ಇದೆಯೇ? ಮೊದಲು R ಗೆ ಛೇದ ಇದೆ ಎಂದುಕೋ, ಅದರಲ್ಲಿ (x − a) ಎಂಬ ಅಪವರ್ತನ k ಸಲ ಇದೆ. R′ ತೆಗೆದಾಗ ಅದೇ ಅಪವರ್ತನ ಛೇದದಲ್ಲಿ k + 1 ಸಲ ಬರುತ್ತದೆ, 1/x ಅವಕಲಿಸಿದರೆ −1/x² ಬರುವಂತೆ. 2x·R ನಲ್ಲಿ ಅದು ಹೆಚ್ಚೆಂದರೆ k ಸಲ. ಅಂದರೆ k + 1 ಘಾತದ ತುಂಡನ್ನು ಹೊಡೆದುಹಾಕಲು ಅಲ್ಲಿ ಯಾರೂ ಇಲ್ಲ. ಬಲಗಡೆ ಇರುವುದು ಬರೀ 1, ಅದಕ್ಕೆ ಛೇದವೇ ಇಲ್ಲ. ಹಾಗಾಗಿ R ಗೂ ಛೇದ ಇರಬಾರದು. a ಸಂಕೀರ್ಣ ಸಂಖ್ಯೆಯಾದರೂ ವಾದ ಇದೇ.

ತಮ್ಮ: ಹಾಗಾದರೆ R ಬಹುಪದೋಕ್ತಿ. ಅದರ ಘಾತ n ಇದ್ದರೆ 2x·R ನ ಘಾತ n + 1. R′ ನ ಘಾತ n ಗಿಂತ ಕಡಿಮೆ. ಎರಡೂ ಸೇರಿದಾಗ n + 1 ಘಾತದ ಪದ ಉಳಿದೇ ಉಳಿಯುತ್ತದೆ. ಎಡಗಡೆ ಕನಿಷ್ಠ x ಆದರೂ ಇರುತ್ತದೆ, ಬಲಗಡೆ 1. ಹೊಂದುವುದಿಲ್ಲ!

ಅಕ್ಕ: R = 0 ಎಂದರೆ 0 = 1 ಆಗುತ್ತದೆ, ಅದೂ ಇಲ್ಲ. ಮುಗಿಯಿತು. ಇನ್ನು ನೂರು ವರ್ಷ ಯಾರು ತಲೆ ಕೆಡಿಸಿಕೊಂಡರೂ e^(−x²) ಗೆ ಪ್ರಾಥಮಿಕ ಅನುಕಲನ ಹೊಳೆಯುವುದಿಲ್ಲ. ಈಗ ಇದೇ ಒರೆಗಲ್ಲಿಗೆ x·e^(−x²) ಅನ್ನು ಹಚ್ಚು.

ತಮ್ಮ: R′ − 2x·R = x. R = −½ ಇಟ್ಟರೆ ಸರಿಹೋಗುತ್ತದೆ. ಉತ್ತರ −½·e^(−x²). ಆದೇಶ ವಿಧಾನದಲ್ಲಿ ಬರುವುದೂ ಇದೇ.

ಅಕ್ಕ: x²·e^(−x²)?

ತಮ್ಮ: ಘಾತ ನೋಡಿದರೆ R = ax + b ಆಗಿರಬೇಕು. a − 2ax² − 2bx = x². x² ಪದದಿಂದ a = −½, ಸ್ಥಿರಾಂಕದಿಂದ a = 0. ಹೊಂದುವುದಿಲ್ಲ, ಇದಕ್ಕೂ ಇಲ್ಲ.

ಅಕ್ಕ: ಈಗ (1 − 2x²)·e^(−x²) ನೋಡು. R = x ಇಟ್ಟರೆ R′ − 2x·R = 1 − 2x². ಉತ್ತರ x·e^(−x²). ಬಿಡಿಬಿಡಿಯಾಗಿ ತೆಗೆದುಕೊಂಡರೆ e^(−x²) ಗೂ ಉತ್ತರವಿಲ್ಲ, x²·e^(−x²) ಗೂ ಇಲ್ಲ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಉತ್ತರವಿದೆ. ಮೂರನೆಯ ಪ್ರಶ್ನೆಯಲ್ಲಿ ನೋಡಿದ ಜೋಡಿ ಇಲ್ಲಿ ಮತ್ತೆ ಸಿಕ್ಕಿತು. ಇಂಥ ಕಡೆ ಮೊತ್ತವನ್ನು ಒಡೆಯುವುದೇ ತಪ್ಪು ಹೆಜ್ಜೆ. ಪಠ್ಯದಲ್ಲಿ ಬರುವ ∫ eˣ(f(x) + f′(x)) dx ಮಾದರಿಯ ಲೆಕ್ಕಗಳ ಗುಟ್ಟೂ ಇದೇ.

7. ಉತ್ತರವಿಲ್ಲ ಎಂದರೆ e^(−x²) ನ ಕೆಳಗೆ ವಿಸ್ತೀರ್ಣವೂ ಇಲ್ಲವೇ?

ಅಕ್ಕ: ವಿಸ್ತೀರ್ಣ ಇದ್ದೇ ಇದೆ. ಅವಿಚ್ಛಿನ್ನವಾದ ಯಾವ ಫಂಕ್ಷನ್‌ಗಾದರೂ ಅನುಕಲನ ಇದ್ದೇ ಇರುತ್ತದೆ, ಕಲನಶಾಸ್ತ್ರದ ಮೂಲ ಪ್ರಮೇಯ ಅದಕ್ಕೆ ಜಾಮೀನು. ಅದನ್ನು ನಮ್ಮ ಬಳಿ ಇರುವ ಹೆಸರುಗಳಲ್ಲಿ ಬರೆಯಲು ಬರುವುದಿಲ್ಲ, ಅಷ್ಟೇ. ಅನುಕಲನ ಕಷ್ಟ ಎನ್ನುವವರು ಬಹುತೇಕ ಈ ಎರಡನ್ನು ಕಲಸಿಬಿಡುತ್ತಾರೆ. ಅನುಕಲನ ಸಿಗುವುದು ಕಷ್ಟವಲ್ಲ, ಅದು ಸೂತ್ರದಲ್ಲೇ ಸಿಗಬೇಕು ಎಂದು ಹಟ ಹಿಡಿದಾಗ ಕಷ್ಟ.

0 ಯಿಂದ 1 ರವರೆಗಿನ ವಿಸ್ತೀರ್ಣ ಬೇಕೇ? ಸಿಂಪ್ಸನ್ ನಿಯಮವೆಂದು ಒಂದಿದೆ. ಎರಡು ತುದಿಯ ಬೆಲೆ, ನಡುವಿನ ಬೆಲೆಯ ನಾಲ್ಕು ಪಟ್ಟು, ಎಲ್ಲ ಕೂಡಿಸಿ 6 ರಿಂದ ಭಾಗಿಸು. ಇಲ್ಲಿ ಅಗಲ 1 ಆದ್ದರಿಂದ ಅಷ್ಟೇ ಸಾಕು.

ತಮ್ಮ: x = 0 ಯಲ್ಲಿ 1. ½ ರಲ್ಲಿ e^(−0.25), ಅಂದರೆ 0.7788. 1 ರಲ್ಲಿ 0.3679. ಮೊತ್ತ 1 + 3.1152 + 0.3679 = 4.4831. ಭಾಗಿಸಿದರೆ 0.7472.

ಅಕ್ಕ: ನಿಜವಾದ ಬೆಲೆ 0.7468. ಮೂರೇ ಮೂರು ಬಿಂದುಗಳಲ್ಲಿ ಇಷ್ಟು ಹತ್ತಿರ ಬಂದೆ.

ತಮ್ಮ: ಆದರೂ ಹೆಸರಿಲ್ಲದ ಉತ್ತರ ಎಂದರೆ ಸಮಾಧಾನವಿಲ್ಲ.

ಅಕ್ಕ: ಹೆಸರು ಕೊಟ್ಟಿದ್ದಾರೆ. ಈ ಅನುಕಲನವನ್ನು ಒಂದು ಸ್ಥಿರಾಂಕದಿಂದ ಗುಣಿಸಿ erf ಎಂದು ಕರೆಯುತ್ತಾರೆ. ಸಂಖ್ಯಾಶಾಸ್ತ್ರದ ಪುಸ್ತಕದ ಹಿಂದೆ ಸಾಮಾನ್ಯ ವಿತರಣೆಯ ಕೋಷ್ಟಕ ಇರುತ್ತದಲ್ಲ, ಅದರ ಸಂಖ್ಯೆಗಳೆಲ್ಲ ಇದರಿಂದಲೇ ಬಂದವು. ಮೋಸ ಎನಿಸಿದರೆ log x ನೆನೆಸಿಕೋ. ನಮ್ಮ ಬಳಿ ಬಹುಪದೋಕ್ತಿಗಳು ಮತ್ತು ಅವುಗಳ ಭಾಗಲಬ್ಧಗಳು ಮಾತ್ರ ಇದ್ದಿದ್ದರೆ 1/x ಗೂ ಉತ್ತರ ಇರುತ್ತಿರಲಿಲ್ಲ. xⁿ ನ ಸೂತ್ರ n = −1 ಇದ್ದಾಗ ಮುರಿದುಬೀಳುತ್ತದೆ. ಅಲ್ಲಿ ಲಾಗರಿದಮ್ ಎಂಬ ಹೆಸರು ಮೊದಲೇ ಸಿದ್ಧವಿದ್ದದ್ದರಿಂದ ನಿನಗೆ ಕೊರತೆ ಕಾಣಲಿಲ್ಲ.

8. ಕಂಪ್ಯೂಟರ್ ಕ್ಷಣದಲ್ಲಿ ಅನುಕಲಿಸುತ್ತದೆ. ಅದಕ್ಕೆ ಊಹೆ ಎಲ್ಲಿಂದ ಬರುತ್ತದೆ?

ಅಕ್ಕ: ಊಹೆಯಿಲ್ಲದ ದಾರಿಯೂ ಇದೆ. ರಾಬರ್ಟ್ ರಿಶ್ ಎಂಬಾತ 1969ರಲ್ಲಿ ಲಿಯೊವಿಲ್‌ನ ವಿಚಾರವನ್ನು ಹಿಡಿದು ಒಂದು ಕ್ರಮವಿಧಿಯನ್ನು ಪ್ರಕಟಿಸಿದ. ನೀನು ಈಗ R′ − 2x·R = 1 ಅನ್ನು ಪರೀಕ್ಷಿಸಿದೆಯಲ್ಲ, ಅದೇ ಜಾತಿಯ ಕೆಲಸ, ಬಹಳ ದೊಡ್ಡ ಮಟ್ಟದಲ್ಲಿ. ಅವಕಲನಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆ ಎಂದರೆ ಒಂದೆರಡು ಪುಟದಲ್ಲಿ ಆಗುತ್ತದೆ. ರಿಶ್ ವಿಧಿಯನ್ನು ಪೂರ್ತಿಯಾಗಿ ಬರೆಯುವುದು ಇಂದಿಗೂ ಪರಿಣತರಿಗೇ ಭಾರ. ಅನುಕಲನ ಒಂದು ಕಲೆ ಎಂದು ಮೇಷ್ಟ್ರುಗಳು ಹೇಳುವುದು ನನಗೆ ಹಿಡಿಸದಿರಲು ಇದೇ ಕಾರಣ. ಕಲೆ ಎಂದು ಹೇಳಿ ಕೈತೊಳೆದುಕೊಂಡರೆ ಕಾರಣ ಹೇಳುವ ಕೆಲಸ ತಪ್ಪುತ್ತದೆ.

9. ಅವಕಲನವೇ ಕಷ್ಟ, ಅನುಕಲನವೇ ಸುಲಭ ಎನ್ನುವ ಜಾಗ ಇದೆಯೇ?

ಅಕ್ಕ: ಇದೆ. ಸೂತ್ರ ಬಿಟ್ಟು ಅಳತೆಗೆ ಬಾ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೀಯ, ಎಷ್ಟು ದೂರ ಬಂತು ಎಂದು ಸೆಕೆಂಡಿಗೊಮ್ಮೆ ಗುರುತು ಹಾಕಿಕೊಳ್ಳುತ್ತೀಯ ಎಂದುಕೋ. ಪ್ರತಿ ಅಳತೆಯಲ್ಲಿ 1 ಮೀಟರ್‌ವರೆಗೆ ಹೆಚ್ಚುಕಡಿಮೆ ಇರಬಹುದು. ವೇಗ ಬೇಕಾದರೆ ಪಕ್ಕಪಕ್ಕದ ಎರಡು ಅಳತೆಗಳನ್ನು ಕಳೆದು ಕಾಲದಿಂದ ಭಾಗಿಸಬೇಕು. ಎರಡರ ತಪ್ಪೂ ಕೂಡಿದರೆ 2 ಮೀಟರ್. ಒಂದು ಸೆಕೆಂಡಿಗೆ 2 ಮೀಟರ್ ಎಂದರೆ ಗಂಟೆಗೆ 7.2 ಕಿಲೋಮೀಟರ್ ತಪ್ಪು.

ತಮ್ಮ: ಅರ್ಧ ಸೆಕೆಂಡಿಗೊಮ್ಮೆ ಅಳೆದರೆ ಸುಧಾರಿಸುತ್ತದಲ್ಲ? ಅವಕಲನದಲ್ಲಿ h ಸೊನ್ನೆಯ ಹತ್ತಿರ ಹೋಗಬೇಕು ಎನ್ನುತ್ತಾರೆ.

ಅಕ್ಕ: ಕೆಡುತ್ತದೆ. ಅದೇ 2 ಮೀಟರ್ ಅನ್ನು ಈಗ ಅರ್ಧದಿಂದ ಭಾಗಿಸುತ್ತೀಯ, ತಪ್ಪು ಗಂಟೆಗೆ 14.4 ಕಿಲೋಮೀಟರ್ ಆಗುತ್ತದೆ. h ಚಿಕ್ಕದಾದಷ್ಟೂ ಅಳತೆಯ ತಪ್ಪು ಹಿಗ್ಗುತ್ತದೆ. ಈಗ ತಿರುಗಿಸು. ವೇಗ ಗೊತ್ತಿದೆ, ದೂರ ಬೇಕು. ಪ್ರತಿ ಸೆಕೆಂಡಿನ ವೇಗವನ್ನು ಕೂಡಿಸುತ್ತ ಹೋಗುತ್ತೀಯ. ತಪ್ಪುಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇದ್ದರೆ ಬಹುಪಾಲು ತಾವೇ ಹೊಡೆದುಹೋಗುತ್ತವೆ. ಸೂತ್ರದಲ್ಲಿ ನಮಗೆ ಕಾಟ ಕೊಟ್ಟ ಹೊಡೆದುಹೋಗುವಿಕೆ ಇಲ್ಲಿ ಉಪಕಾರ ಮಾಡುತ್ತದೆ. ಆದರೆ ಮೀಟರ್ ಸದಾ ಒಂದೇ ಕಡೆಗೆ ತಪ್ಪು ತೋರಿಸುತ್ತಿದ್ದರೆ ಈ ರಕ್ಷಣೆ ಇಲ್ಲ. ಸೆಕೆಂಡಿಗೆ ಅರ್ಧ ಮೀಟರ್ ಹೆಚ್ಚು ತೋರಿಸಿದರೆ ಒಂದು ಗಂಟೆಯಲ್ಲಿ 1800 ಮೀಟರ್ ಹೆಚ್ಚಾಗುತ್ತದೆ.

ಸಿದ್ಧಾಂತದಲ್ಲೂ ಹಾಗೆಯೇ. |x| ಗೆ 0 ಯಲ್ಲಿ ಅವಕಲನವಿಲ್ಲ, ಅಲ್ಲಿ ಮೂಲೆಯಿದೆ. ಎಲ್ಲಿಯೂ ತುಂಡಾಗದ, ಆದರೂ ಒಂದೇ ಒಂದು ಬಿಂದುವಿನಲ್ಲಿಯೂ ಅವಕಲನವಿಲ್ಲದ ಫಂಕ್ಷನ್ನನ್ನು ವೈಯರ್‌ಸ್ಟ್ರಾಸ್ 1872ರಲ್ಲಿ ತೋರಿಸಿದ. ಆ ಫಂಕ್ಷನ್ನಿಗೂ ಅನುಕಲನವಿದೆ.

10. ನನ್ನ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದುತ್ತಿಲ್ಲ. ತಪ್ಪೇ?

ತಮ್ಮ: ∫ sin x·cos x dx. ನನಗೆ ½·sin²x ಬಂತು. ಪುಸ್ತಕದಲ್ಲಿ −¼·cos 2x. ಗೆಳೆಯನಿಗೆ −½·cos²x.

ಅಕ್ಕ: ಮೂವರೂ ಸರಿ. ಅವಕಲಿಸಿದಾಗ ಸ್ಥಿರಾಂಕ ಅಳಿಸಿಹೋಗುತ್ತದೆ, ಹಾಗಾಗಿ ಸರಿಯಾದ ಎರಡು ಉತ್ತರಗಳ ನಡುವೆ ಒಂದು ಸ್ಥಿರಾಂಕದಷ್ಟು ಅಂತರ ಇರಬಹುದು. ಪರೀಕ್ಷಿಸಲು ಎರಡನ್ನೂ ಕಳೆದು ಒಂದೆರಡು ಬೆಲೆ ಹಾಕು. ನಿನ್ನದು ಮತ್ತು ಪುಸ್ತಕದ್ದು: x = 0 ಯಲ್ಲಿ 0 ಮತ್ತು −¼, ಅಂತರ ¼. x = π/2 ರಲ್ಲಿ ½ ಮತ್ತು ¼, ಅಂತರ ಮತ್ತೆ ¼. ಅಂತರ ಬದಲಾದರೆ ತಪ್ಪು ಖಂಡಿತ. ಬದಲಾಗದಿದ್ದರೆ ಬಹುತೇಕ ಸರಿ, ಪೂರ್ತಿ ಖಾತ್ರಿಗೆ ಅವಕಲಿಸಿ ನೋಡು. ಸಿಇಟಿಯಲ್ಲಿ ನಾಲ್ಕು ಆಯ್ಕೆಗಳ ಎದುರು ಕೂತಾಗ ಇದು ಉಪಯೋಗಕ್ಕೆ ಬರುತ್ತದೆ.

ತಮ್ಮ: C ಒಂದೇ ಇರಬೇಕೇ? ∫ 1/x dx = log|x| + C ನಲ್ಲಿ 0 ಯ ಎರಡೂ ಬದಿಗೆ ಬೇರೆ ಬೇರೆ C ಇಟ್ಟರೆ?

ಅಕ್ಕ: ಇಡಬಹುದು. 0 ಯಲ್ಲಿ ಫಂಕ್ಷನ್ ತುಂಡಾಗಿದೆ, ಎಡಗಡೆಯ ಸ್ಥಿರಾಂಕಕ್ಕೂ ಬಲಗಡೆಯದಕ್ಕೂ ಸಂಬಂಧವಿಲ್ಲ. x > 0 ಇದ್ದಾಗ log x + 5, x < 0 ಇದ್ದಾಗ log(−x) − 2 ಎಂದು ಬರೆದರೂ ಅವಕಲನ ಎರಡೂ ಕಡೆ 1/x ಬರುತ್ತದೆ. ಪರೀಕ್ಷೆಯಲ್ಲಿ ಮಾತ್ರ ಒಂದೇ C ಬರೆ.